ಬಾಯಿವಾಸನೆಯ ಭಯ, ಬಿಳಿ ಬಣ್ಣದ ಆಸೆ: ಜಾಹೀರಾತು ಒಪ್ಪಿಸುವುದೆಲ್ಲಿ, ಆಟ ಆಡಿಸುವುದೆಲ್ಲಿ

2013ರಲ್ಲಿ ದೆಹಲಿಯ ಒಬ್ಬ ಗ್ರಾಹಕರು 79 ರೂಪಾಯಿ ಕೊಟ್ಟು ಫೇರ್ ಅಂಡ್ ಹ್ಯಾಂಡ್ಸಮ್ ಕ್ರೀಮ್ ತಗೊಂಡರು. ಇಮಾಮಿ ಕಂಪನಿಯದು, ಗಂಡಸರಿಗೆಂದೇ ಮಾಡಿದ್ದು. ಪ್ಯಾಕಿನ ಮೇಲೆ ಹೇಳಿದ ಹಾಗೆ ಮುಖ ತೊಳೆದು ದಿನಕ್ಕೆ ಎರಡು ಸಲ ಹಚ್ಚಿದೆ, ಬೆಳ್ಳಗಾಗಲಿಲ್ಲ ಅಂತ ಅವರು ಗ್ರಾಹಕರ ವೇದಿಕೆಗೆ ಹೋದರು. ಕೇಸು ಒಂದು ಸಲ ಮೇಲಿನ ಹಂತಕ್ಕೆ ಹೋಗಿ ಮತ್ತೆ ಕೆಳಗೆ ಬಂತು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಜಿಲ್ಲಾ ವೇದಿಕೆ, ಕಂಪನಿ 14.5 ಲಕ್ಷ ರೂಪಾಯಿ ಕಟ್ಟಬೇಕು ಅಂತ ಹೇಳಿತು. ಅದರಲ್ಲಿ ಬಹುಪಾಲು ಗ್ರಾಹಕ ಕಲ್ಯಾಣ ನಿಧಿಗೆ, ದೂರು ಕೊಟ್ಟವರಿಗೆ 50 ಸಾವಿರ.

ದುಡ್ಡಿನ ಲೆಕ್ಕಕ್ಕಿಂತ ಕಂಪನಿ ಕೊಟ್ಟ ಉತ್ತರ ಗಮನಿಸಬೇಕು. ಕ್ರೀಮ್ ಸರಿಯಾಗಿ ಹಚ್ಚಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಇಲ್ಲ, ಮೇಲಾಗಿ ಪರಿಣಾಮ ಕಾಣಬೇಕಾದರೆ ಒಳ್ಳೆಯ ಊಟ, ವ್ಯಾಯಾಮ, ಶುಚಿಯಾದ ಅಭ್ಯಾಸ ಎಲ್ಲ ಬೇಕು ಅಂತ ಅವರು ವಾದಿಸಿದರು. ಇದೆಲ್ಲ ಪ್ಯಾಕಿನ ಮೇಲೆ ಬರೆದಿಲ್ಲವಲ್ಲ ಅಂತ ವೇದಿಕೆ ಕೇಳಿತು. ಅಂದರೆ ಕೊಳ್ಳುವ ಹೊತ್ತಿಗೆ ಮಾತು ತುಂಬಾ ಸರಳ, "ಹಚ್ಚಿ, ಬೆಳ್ಳಗಾಗಿ". ಆಗದಿದ್ದಾಗ ಮಾತ್ರ ಷರತ್ತುಗಳು ಒಂದೊಂದಾಗಿ ಹೊರಗೆ ಬಂದವು.

ಈ ಕೇಸು ಸುದ್ದಿಯಾದಾಗ ಬಹಳ ಜನ ಕೇಳಿದ ಪ್ರಶ್ನೆ ಒಂದೇ. ಜಾಹೀರಾತು ಅಂದಮೇಲೆ ಸ್ವಲ್ಪ ಹೊಗಳಿಕೆ ಇದ್ದೇ ಇರುತ್ತದೆ ಅಲ್ವಾ, ಅದು ತಪ್ಪಾಗುವುದು ಎಲ್ಲಿಂದ? ಉತ್ತರಕ್ಕೆ ಮೊದಲು ಒಂದೆರಡು ವಿಷಯ ಬಿಡಿಸಿಕೊಳ್ಳಬೇಕು.

ಜಾಹೀರಾತಿನಲ್ಲಿ ಮೂರು ತರದ ಮಾತು

ಮೊದಲನೆಯದು ಹೊಗಳಿಕೆ. "ಊರಿಗೇ ಉತ್ತಮ ಕಾಫಿ" ಅಂತ ಹೋಟೆಲಿನವರು ಬೋರ್ಡ್ ಹಾಕಿದರೆ ಯಾರೂ ಅದನ್ನು ಅಳೆಯಲು ಹೋಗುವುದಿಲ್ಲ. ತಮ್ಮ ಸರಕನ್ನು ಯಾರೇ ಆದರೂ ಹೊಗಳಿಕೊಳ್ಳುತ್ತಾರೆ ಅಂತ ನಮಗೂ ಗೊತ್ತು, ಕಾನೂನಿಗೂ ಗೊತ್ತು. ಇದಕ್ಕೆ ಸಾಮಾನ್ಯವಾಗಿ ಮಾಫಿ ಇದೆ.

ಎರಡನೆಯದು ಅಳೆಯಬಹುದಾದ ಮಾತು. "ಇಷ್ಟು ವಾರದಲ್ಲಿ ಬಣ್ಣ ತಿಳಿಯಾಗುತ್ತದೆ", "ಶೀತ ಬರದಂತೆ ತಡೆಯುತ್ತದೆ" ಅನ್ನುವಂಥವು. ಇವುಗಳಿಗೆ ಪುರಾವೆ ಕೇಳಬಹುದು. ಪುರಾವೆ ಇಲ್ಲದೆ ಹೇಳಿದರೆ ಅದು ದಾರಿ ತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಮೂರನೆಯದು ಮಾತೇ ಅಲ್ಲ, ಭಾವನೆ. ಒಂದು ಮುಖ, ಒಂದು ಸಂಗೀತ, ಅಪ್ಪನ ನಿಟ್ಟುಸಿರು, ಪಕ್ಕದ ಮನೆಯವರ ನೋಟ. ಇದರಲ್ಲಿ ಸುಳ್ಳು ಅಂತ ಬೆರಳಿಟ್ಟು ತೋರಿಸಲು ಒಂದು ವಾಕ್ಯವೂ ಸಿಗುವುದಿಲ್ಲ. ಆಟ ಆಡಿಸುವ ಕೆಲಸ ಹೆಚ್ಚಾಗಿ ನಡೆಯುವುದು ಇಲ್ಲೇ.

ಹಾಗಂತ ಭಾವನೆ ಮುಟ್ಟಿದ್ದೆಲ್ಲ ಮೋಸ ಅಲ್ಲ. ಸೀರೆ ಅಂಗಡಿ ನೆನಪಿಸಿಕೊಳ್ಳಿ. ಅಂಗಡಿಯವರು "ಈ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತದೆ ಅಕ್ಕ" ಅಂತಾರೆ. ಮಾರಲಿಕ್ಕೇ ಹೇಳುವ ಮಾತು ಅದು, ಪರವಾಗಿಲ್ಲ. ನಾವು ಸೀರೆಯನ್ನು ಬಾಗಿಲ ಹತ್ತಿರ ಒಯ್ದು ಹಗಲ ಬೆಳಕಿನಲ್ಲಿ ನೋಡುತ್ತೇವೆ, ಜೊತೆಗೆ ಬಂದವರನ್ನು ಕೇಳುತ್ತೇವೆ, ಬೇಡ ಅನಿಸಿದರೆ ಬಿಟ್ಟು ಬರುತ್ತೇವೆ. ಬಾಗಿಲಿಗೆ ಒಯ್ಯಲು ಬಿಡದ ಅಂಗಡಿಯಲ್ಲಿ ಮಾತ್ರ ಏನೋ ಇದೆ ಅಂತ ಅರ್ಥ. ಜಾಹೀರಾತಿನಲ್ಲೂ ನಾನು ಗೆರೆ ಎಳೆಯುವುದು ಇಲ್ಲೇ. ಅದು ನನ್ನ ಮನಸ್ಸನ್ನು ಮುಟ್ಟಿತೇ ಅನ್ನುವುದಕ್ಕಿಂತ, ಮುಟ್ಟಿದ ಮೇಲೆ ಪರೀಕ್ಷೆ ಮಾಡಿ ನೋಡಲು ನನಗೆ ದಾರಿ ಬಿಟ್ಟಿತೇ ಅನ್ನುವುದು ಮುಖ್ಯ. ಆ ದಾರಿ ಮುಚ್ಚುವುದು ಹೇಗೆ ಅಂತ ಜಗತ್ತಿಗೇ ಪಾಠ ಮಾಡಿದ್ದು ಒಂದು ಬಾಯಿ ಮುಕ್ಕಳಿಸುವ ಔಷಧಿ.

ಎಡ್ನಾಗೆ ಯಾಕೆ ಮದುವೆಯಾಗಲಿಲ್ಲ?

ಲಿಸ್ಟರಿನ್ ಹುಟ್ಟಿದ್ದು 1879ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ. ಮಾಡಿದವರು ಜೋಸೆಫ್ ಲಾರೆನ್ಸ್. ಆಪರೇಷನ್ ಮಾಡುವಾಗ ಗಾಯಕ್ಕೆ ಸೋಂಕು ತಗಲದಂತೆ ನೋಡಿಕೊಳ್ಳುವ ಪದ್ಧತಿ ತಂದ ಬ್ರಿಟಿಷ್ ಸರ್ಜನ್ ಜೋಸೆಫ್ ಲಿಸ್ಟರ್ ಅವರ ಹೆಸರನ್ನೇ ಇಟ್ಟರು. ಮೊದಲು ಅದು ಡಾಕ್ಟರುಗಳಿಗೆ, ಹಲ್ಲಿನ ಡಾಕ್ಟರುಗಳಿಗೆ ಮಾರುವ ಕ್ರಿಮಿನಾಶಕ. 1914ರ ಹೊತ್ತಿಗೆ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳುವ ಹಾಗಾಯಿತು. ಆದರೆ ಸಾಮಾನ್ಯ ಮನೆಯವರು ಅದನ್ನು ಯಾಕೆ ಕೊಳ್ಳಬೇಕು? ಕಾರಣವೇ ಇರಲಿಲ್ಲ.

1920ರ ದಶಕದ ಶುರುವಿನಲ್ಲಿ ಕಂಪನಿ ಮಾಲೀಕರ ಮಗ ಜೆರಾರ್ಡ್ ಲ್ಯಾಂಬರ್ಟ್ ಆ ಕಾರಣ ಹುಡುಕಲು ಕೂತರು. ಬಾಯಿವಾಸನೆ ಅನ್ನುವ ವಿಷಯ ಬಂತು. ಆದರೆ ಆಗಿನ ಪತ್ರಿಕೆಗಳಲ್ಲಿ ಅದನ್ನು ಹಾಗೆ ನೇರವಾಗಿ ಬರೆಯುವಂತಿರಲಿಲ್ಲ, ಅಸಹ್ಯ ಅಂತ ಅನ್ನಿಸುತ್ತಿತ್ತು. ಆಗ ವೈದ್ಯಕೀಯ ಬರಹವೊಂದರಲ್ಲಿ ಹ್ಯಾಲಿಟೋಸಿಸ್ ಅನ್ನುವ ಅಪರೂಪದ ಹೆಸರು ಸಿಕ್ಕಿತು. ಕೆಟ್ಟ ಉಸಿರು ಅಂತಲೇ ಅದರ ಅರ್ಥ, ಆದರೆ ಕೇಳಲು ದೊಡ್ಡ ಕಾಯಿಲೆಯ ಹಾಗಿದೆ. ನಿನ್ನೆವರೆಗೆ ಬೆಳ್ಳುಳ್ಳಿ ತಿಂದರೆ ಬರುತ್ತಿದ್ದ ವಾಸನೆ ಇವತ್ತು ಚಿಕಿತ್ಸೆ ಬೇಕಾದ ರೋಗವಾಯಿತು.

ಆ ಕಾಲದ ಬಹಳ ಹೆಸರಾದ ಜಾಹೀರಾತು ಎಡ್ನಾ ಅನ್ನುವ ಹುಡುಗಿಯದು. ಒಂದು ಚಿತ್ರ, ಕೆಳಗೆ ಸಣ್ಣ ಕತೆ. ಎಡ್ನಾ ಎಲ್ಲ ಗೆಳತಿಯರ ಮದುವೆಯಲ್ಲೂ ಮದುಮಗಳ ಪಕ್ಕ ನಿಲ್ಲುತ್ತಾಳೆ, ಆದರೆ ತಾನು ಮದುಮಗಳಾಗುವುದಿಲ್ಲ. ವಯಸ್ಸು ಮೂವತ್ತರ ಹತ್ತಿರ ಬರುತ್ತಿದೆ. ಕಾರಣ ಏನು ಅಂತ ಅವಳಿಗೆ ಗೊತ್ತೇ ಇಲ್ಲ. ಆಮೇಲೆ ಬರುತ್ತದೆ ನಿಜವಾದ ಏಟು: ಈ ತೊಂದರೆ ಇದ್ದವರಿಗೆ ತಮಗಿದೆ ಅಂತ ಗೊತ್ತಾಗುವುದೇ ಅಪರೂಪ, ತೀರಾ ಹತ್ತಿರದ ಸ್ನೇಹಿತರೂ ಹೇಳುವುದಿಲ್ಲ.

ಆ ಕೊನೆಯ ಮಾತನ್ನು ಇನ್ನೊಂದು ಸಲ ಓದಿ. ನಿನಗೆ ಗೊತ್ತಾಗುವುದಿಲ್ಲ ಅಂದಾಗ ನಾನೇ ಪರೀಕ್ಷಿಸಿಕೊಳ್ಳುವ ದಾರಿ ಮುಚ್ಚಿತು. ಸ್ನೇಹಿತರೂ ಹೇಳುವುದಿಲ್ಲ ಅಂದಾಗ ಬೇರೆಯವರನ್ನು ಕೇಳುವ ದಾರಿಯೂ ಮುಚ್ಚಿತು. ಇನ್ನು ಗೆಳತಿ ಬಂದು "ಏನೂ ಇಲ್ಲ ಕಣೇ, ಸುಮ್ನೆ ಚಿಂತೆ ಮಾಡಬೇಡ" ಅಂದರೂ ನಂಬಿಕೆ ಬರುವುದಿಲ್ಲ. ಅವಳು ಹೇಳುವುದಿಲ್ಲ ಅಂತ ಜಾಹೀರಾತು ಮೊದಲೇ ಹೇಳಿಟ್ಟಿದೆಯಲ್ಲ! ಉಳಿದದ್ದು ಬಾಟಲಿ ಒಂದೇ. ಮತ್ತೆ ಗಮನಿಸಿ, ಇಲ್ಲಿ ಪಕ್ಕಾ ಸುಳ್ಳು ಅನ್ನುವಂಥದ್ದು ಕಡಿಮೆ. ಬಾಯಿವಾಸನೆ ಇರುವುದು ನಿಜ, ತನ್ನದು ತನಗೆ ಸರಿಯಾಗಿ ಗೊತ್ತಾಗದಿರುವುದೂ ನಿಜ, ಜನ ಹೇಳಲು ಮುಜುಗರ ಪಡುವುದೂ ನಿಜ. ನಿಜಗಳನ್ನೇ ಜೋಡಿಸಿ, ಮದುವೆಯಾಗದ ಭಯಕ್ಕೆ ಗಂಟು ಹಾಕಿದರು. ಎಡ್ನಾಗೆ ಮದುವೆಯಾಗದಿರಲು ಉಸಿರೇ ಕಾರಣ ಅನ್ನುವುದನ್ನು ಎಲ್ಲೂ ಸಾಬೀತು ಮಾಡಬೇಕಾಗಲಿಲ್ಲ. ಲಿಸ್ಟರಿನ್ ಮಾರಾಟ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು.

ಅದೇ ಬಾಟಲಿ ಕಟಕಟೆಗೆ

ಇದೇ ಕಂಪನಿ 1921ರಿಂದ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಲಿಸ್ಟರಿನ್‌ನಿಂದ ಬಾಯಿ, ಗಂಟಲು ಮುಕ್ಕಳಿಸಿದರೆ ಶೀತ, ಗಂಟಲುನೋವು ತಡೆಯಬಹುದು ಅಂತ. ಇದು ಎರಡನೇ ತರದ ಮಾತು, ಅಳೆಯಬಹುದಾದದ್ದು. ವ್ಯಾಪಾರದಲ್ಲಿ ಮೋಸ ತಡೆಯಲು ಇರುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅಳೆಯಲು ಹೊರಟಿತು. ಲಿಸ್ಟರಿನ್ ಬಾಯಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ನಿಜವೇ. ಆದರೆ ಶೀತ ಬರುವುದು ವೈರಸ್‌ನಿಂದ. ಮುಕ್ಕಳಿಸಿದ ನೀರು ವೈರಸ್ ಕೂತಿರುವ ಜಾಗಕ್ಕೆ ಸಾಕಷ್ಟು ತಲುಪುವುದೂ ಇಲ್ಲ. ಅಂದರೆ "ಕ್ರಿಮಿ ಕೊಲ್ಲುತ್ತದೆ" ಅನ್ನುವ ನಿಜವನ್ನು ಮುಂದಿಟ್ಟು "ಶೀತ ತಡೆಯುತ್ತದೆ" ಅನ್ನುವ ಸುಳ್ಳನ್ನು ಮಾರಿದ್ದರು.

1975ರಲ್ಲಿ ಕಮಿಷನ್ ವಿಚಿತ್ರ ಅನ್ನಿಸುವಂಥ ಆದೇಶ ಕೊಟ್ಟಿತು. ಜಾಹೀರಾತು ನಿಲ್ಲಿಸಿದರೆ ಸಾಲದು, ಐವತ್ತು ವರ್ಷ ಕೇಳಿ ಕೇಳಿ ಜನರ ತಲೆಯಲ್ಲಿ ಕೂತಿರುವುದನ್ನು ತೆಗೆಯಬೇಕು. ಆದ್ದರಿಂದ ಮುಂದೆ ಸುಮಾರು 1 ಕೋಟಿ ಡಾಲರ್ ಖರ್ಚಾಗುವವರೆಗೆ ಪ್ರತಿ ಜಾಹೀರಾತಿನಲ್ಲೂ, ಲಿಸ್ಟರಿನ್ ಶೀತವನ್ನಾಗಲಿ ಗಂಟಲುನೋವನ್ನಾಗಲಿ ತಡೆಯುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ ಅಂತ ಕಂಪನಿಯೇ ಹೇಳಬೇಕು. 1977ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಿತು. "ಹಿಂದಿನ ಜಾಹೀರಾತಿಗೆ ವಿರುದ್ಧವಾಗಿ" ಅನ್ನುವ ಪದಗಳನ್ನು ಮಾತ್ರ ತೆಗೆಸಿತು. ಜಾಹೀರಾತು ಬಂದವು. ನಂಬಿಕೆ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ.

ಒಂದೇ ಬಾಟಲಿ, ಎರಡು ಜಾಹೀರಾತು. ಶೀತದ ಮಾತು ಸಿಕ್ಕಿಬಿತ್ತು, ಯಾಕೆಂದರೆ ಅದನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಬಹುದು. ಎಡ್ನಾಳ ಕತೆಯನ್ನು ಯಾವ ಲ್ಯಾಬಿಗೆ ಕಳಿಸುತ್ತೀರಿ? ಕಾನೂನು ಸುಳ್ಳನ್ನು ಹಿಡಿಯುತ್ತದೆ, ನಿಜಗಳಿಂದ ಕಟ್ಟಿದ ಭಯವನ್ನು ಹಿಡಿಯಲು ಕಷ್ಟಪಡುತ್ತದೆ.

ಹಾಗಾದರೆ ಹೆದರಿಸುವುದೇ ತಪ್ಪಾ?

ಅಲ್ಲ. ನಮ್ಮಲ್ಲಿ ಸಿಗರೇಟು, ಬೀಡಿ, ಗುಟ್ಕಾ ಪ್ಯಾಕಿನ ಎರಡೂ ಬದಿಯ ಶೇಕಡಾ 85 ಭಾಗ ಎಚ್ಚರಿಕೆಯೇ ಇರಬೇಕು, ಚಿತ್ರದ ಸಮೇತ ಅನ್ನುವ ನಿಯಮ 2016ರ ಏಪ್ರಿಲ್‌ನಿಂದ ಇದೆ. ಅದು ಹೆದರಿಸಲಿಕ್ಕೆಂದೇ ಹಾಕಿದ ಚಿತ್ರ. ನೂರಾರು ಸಲ ನೋಡಿದರೂ ಹೊಟ್ಟೆ ಚುರುಕ್ ಅನ್ನುತ್ತದೆ. ಈ ನಿಯಮವನ್ನು ತಂಬಾಕು ಕಂಪನಿಗಳು ಪ್ರಶ್ನಿಸಿದ ಕೇಸುಗಳು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ವಿಚಾರಣೆಯಾದವು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ನಿಯಮವನ್ನು ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ದೊಡ್ಡ ಚಿತ್ರ ಉಳಿಯಿತು.

ಎಡ್ನಾಳ ಭಯಕ್ಕೂ ಈ ಭಯಕ್ಕೂ ವ್ಯತ್ಯಾಸ ಎಲ್ಲಿದೆ? ತಂಬಾಕಿನಿಂದ ಕ್ಯಾನ್ಸರ್ ಬರುವುದನ್ನು ಯಾವ ಡಾಕ್ಟರನ್ನಾದರೂ ಕೇಳಿ ತಿಳಿಯಬಹುದು. ಭಯದ ಗಾತ್ರ ಅಪಾಯದ ಗಾತ್ರದಷ್ಟೇ ಇದೆ. ಪರಿಹಾರ ಬಿಡುವುದು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಭಯ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ 1965ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಲೆವೆಂತಾಲ್ ಮತ್ತು ಜೊತೆಯವರು ಮಾಡಿದ್ದು. ವಿದ್ಯಾರ್ಥಿಗಳಿಗೆ ಧನುರ್ವಾಯು ರೋಗದ ಬಗ್ಗೆ ಕರಪತ್ರ ಕೊಟ್ಟು, ಚುಚ್ಚುಮದ್ದು ಹಾಕಿಸಿಕೊಳ್ಳಿ ಅಂದರು. ಕೆಲವರಿಗೆ ಜಾಸ್ತಿ ಭಯ ಹುಟ್ಟಿಸುವ ಕರಪತ್ರ, ಕೆಲವರಿಗೆ ಸೌಮ್ಯವಾದದ್ದು. ಜಾಸ್ತಿ ಹೆದರಿದವರು ಹಾಕಿಸಿಕೊಳ್ಳುತ್ತೇವೆ ಅಂತ ಹೆಚ್ಚಾಗಿ ಹೇಳಿದರು, ಆದರೆ ಬರೀ ಕರಪತ್ರ ಸಿಕ್ಕವರಲ್ಲಿ ನಿಜವಾಗಿ ಹೋದವರು ಮೂರು ಶೇಕಡಾದಷ್ಟು ಮಾತ್ರ. ಕರಪತ್ರದ ಜೊತೆ ಆರೋಗ್ಯ ಕೇಂದ್ರ ಗುರುತು ಮಾಡಿದ ನಕ್ಷೆ ಕೊಟ್ಟು, ಯಾವಾಗ ಹೋಗುತ್ತೀರಿ ಅಂತ ಯೋಚಿಸಿಡಿ ಅಂದ ಗುಂಪಿನಲ್ಲಿ 28 ಶೇಕಡಾ ಹೋದರು. ಅಂದರೆ ಬರೀ ಭಯ ಜನರನ್ನು ಏಳಿಸುವುದಿಲ್ಲ, ಭಯದ ಪಕ್ಕದಲ್ಲೇ ಸುಲಭದ ದಾರಿ ಇಟ್ಟರೆ ಏಳುತ್ತಾರೆ. ಲಸಿಕೆಗೆ ಕರೆಯುವವರಿಗೂ ಇದೇ ಸೂತ್ರ, ಬಾಟಲಿ ಮಾರುವವರಿಗೂ ಇದೇ ಸೂತ್ರ. ಲಸಿಕೆ ನಿಜವಾಗಿ ಆ ರೋಗವನ್ನು ತಡೆಯುತ್ತದೆ. ಬಾಟಲಿಯಿಂದ ಮದುವೆಯಾಗುತ್ತದಾ ಅನ್ನುವುದು ಬೇರೆ ಪ್ರಶ್ನೆ.

ನಮ್ಮ ಮನೆಯ ಎಡ್ನಾ

ಫೇರ್ ಅಂಡ್ ಲವ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದದ್ದು 1975ರಲ್ಲಿ, ಆಗಿನ ಹಿಂದೂಸ್ತಾನ್ ಲಿವರ್ ಕಂಪನಿಯಿಂದ. ಕಪ್ಪು ಅಂದರೆ ಕಡಿಮೆ ಅನ್ನುವ ಭಾವನೆ ಕ್ರೀಮ್ ಬರುವ ಮೊದಲೂ ಇತ್ತು. "ಹುಡುಗಿ ಸ್ವಲ್ಪ ಬಣ್ಣ ಕಡಿಮೆ" ಅನ್ನುವ ಮಾತನ್ನು ನಮ್ಮ ಹಿರಿಯರು ಯಾವ ಟಿವಿಯಿಂದಲೂ ಕಲಿಯಲಿಲ್ಲ. ಆದ್ದರಿಂದ ಕಂಪನಿಯೇ ಭಯ ಹುಟ್ಟಿಸಿತು ಅನ್ನುವುದು ಸರಿಯಲ್ಲ. ಇದ್ದ ಗಾಯದ ಮೇಲೆ ಬೆರಳಿಟ್ಟು ಒತ್ತಿತು ಅನ್ನಬಹುದು.

ಹೇಗೆ ಒತ್ತಿತು ಅಂತ ನೋಡಲು ಈ ಶತಮಾನದ ಶುರುವಿನಲ್ಲಿ ಬಂದ ಗಗನಸಖಿ ಜಾಹೀರಾತು ಸಾಕು. ಮನೆಯಲ್ಲಿ ಬಡತನ. ಅಪ್ಪ ಕಾಫಿ ಕೇಳುತ್ತಾರೆ, ಹಾಲಿಲ್ಲ. "ಒಬ್ಬ ಮಗ ಇದ್ದಿದ್ದರೆ" ಅಂತ ನಿಟ್ಟುಸಿರು ಬಿಡುತ್ತಾರೆ, ಅದು ಮಗಳ ಕಿವಿಗೆ ಬೀಳುತ್ತದೆ. ಅವಳು ಕ್ರೀಮ್ ಹಚ್ಚುತ್ತಾಳೆ, ಬಣ್ಣ ತಿಳಿಯಾಗುತ್ತದೆ, ಗಗನಸಖಿಯ ಕೆಲಸ ಸಿಗುತ್ತದೆ. ಕೊನೆಗೆ ಅಪ್ಪನನ್ನು ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋಗಿ ಕಾಫಿ ಕುಡಿಸುತ್ತಾಳೆ.

ಇದರಲ್ಲಿ ಅಳೆಯಬಹುದಾದ ಮಾತು ಒಂದೇ, ಬಣ್ಣ ತಿಳಿಯಾಗುವುದು. ಕ್ರೀಮಿನಲ್ಲಿದ್ದ ನಯಾಸಿನಮೈಡ್, ಅಂದರೆ ಬಿ3 ವಿಟಮಿನ್‌ನ ಒಂದು ರೂಪ, ಮತ್ತು ಬಿಸಿಲು ತಡೆಯುವ ಅಂಶಗಳು ಚರ್ಮದ ಮೇಲೆ ಒಂದಷ್ಟು ಕೆಲಸ ಮಾಡುತ್ತವೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಜಾಹೀರಾತು ಮಾರುತ್ತಿದ್ದದ್ದು ಅದನ್ನಲ್ಲ. ಅಪ್ಪನಿಗೆ ಮಗನ ಸಮ ಆಗುವುದನ್ನು ಮಾರುತ್ತಿತ್ತು. ಕ್ರೀಮಿಗೆ ಆ ಶಕ್ತಿ ಇಲ್ಲ ಅಂತ ಯಾರೂ ದೂರು ಕೊಡಲು ಸಾಧ್ಯವಿಲ್ಲ, ಇದೆ ಅಂತ ಕಂಪನಿ ಬಾಯಿಬಿಟ್ಟು ಹೇಳಿಯೂ ಇಲ್ಲ. ನನಗೆ ಕೋಪ ಬರುವುದು ಇಲ್ಲೇ. ಆ ನಿಟ್ಟುಸಿರನ್ನು ನಿಜ ಜೀವನದಲ್ಲಿ ಕೇಳಿದ ಹೆಣ್ಣುಮಕ್ಕಳು ಎಷ್ಟೋ ಜನ ಟಿವಿ ಮುಂದೆ ಕೂತಿದ್ದರು.

ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಇಂಥ ಜಾಹೀರಾತುಗಳ ವಿರುದ್ಧ ಮೊದಲು ಕಂಪನಿಗೆ, ಆಮೇಲೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಿತು. ವಿಷಯ ಕೇಂದ್ರದ ವಾರ್ತಾ ಇಲಾಖೆಗೆ ಹೋಯಿತು. 2003ರಲ್ಲಿ ಆ ಜಾಹೀರಾತು ನಿಂತಿತು. ಕೇಬಲ್ ಟಿವಿ ನಿಯಮಗಳಲ್ಲಿ ಜಾತಿ, ಮತದ ಜೊತೆ ಬಣ್ಣವನ್ನೂ ಹೀಗಳೆಯಬಾರದು ಅಂತ 1994ರಿಂದಲೇ ಇತ್ತು.

2014ರಲ್ಲಿ ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡ ಮಂಡಳಿ, ಅಂದರೆ ಎಎಸ್‌ಸಿಐ, ಬಣ್ಣ ತಿಳಿ ಮಾಡುವ ಸರಕುಗಳಿಗೆಂದೇ ನಿಯಮ ತಂದಿತು. ಕಪ್ಪು ಬಣ್ಣದವರನ್ನು ದುಃಖದಲ್ಲಿರುವವರ ಹಾಗೆ, ಮದುವೆಯಲ್ಲಿ, ಕೆಲಸದಲ್ಲಿ ಹಿಂದೆ ಬಿದ್ದವರ ಹಾಗೆ ತೋರಿಸಬಾರದು. ಕ್ರೀಮ್ ಹಚ್ಚುವ ಮೊದಲಿನ ಚಿತ್ರದಲ್ಲಿ ಮುಖ ಸಪ್ಪಗೆ ಇರಬಾರದು ಅನ್ನುವವರೆಗೆ ನಿಯಮ ಹೋಗಿದೆ. ಇದು ಸಣ್ಣ ವಿಷಯ ಅಲ್ಲ. ಎಡ್ನಾಳ ಕಾಲದಲ್ಲಿ ಹಿಡಿಯಲಾಗದ ಮೂರನೇ ತರದ ಮಾತನ್ನು, ಅಂದರೆ ಮುಖಭಾವವನ್ನು, ಇಲ್ಲಿ ಹಿಡಿಯಲು ನೋಡಿದ್ದಾರೆ. ಮಿತಿಯೂ ಇದೆ: ಆ ಮಂಡಳಿ ಸರ್ಕಾರದ್ದಲ್ಲ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

2020ರಲ್ಲಿ ಕಂಪನಿ ಕ್ರೀಮಿನ ಹೆಸರನ್ನು ಗ್ಲೋ ಅಂಡ್ ಲವ್ಲಿ ಅಂತ ಬದಲಿಸಿತು, ಎಲ್ಲ ಬಣ್ಣದ ಚರ್ಮಕ್ಕೂ ಗೌರವ ಕೊಡುವ ಉದ್ದೇಶ ಅಂತ ಹೇಳಿತು. ಒಳ್ಳೆಯದೇ. ಒಂದನ್ನು ಮಾತ್ರ ಗಮನಿಸಿ. ಬಿಳುಪನ್ನು ಬಣ್ಣದ ಪಟ್ಟಿ ಇಟ್ಟು ಅಳೆಯಬಹುದಿತ್ತು, ಕಾಂತಿಯನ್ನು ಅಳೆಯಲು ಬರುವುದಿಲ್ಲ.

ಫೋನಿನಲ್ಲಿ ಯೋಚಿಸಲು ಸಮಯವೇ ಇಲ್ಲ

ಇವತ್ತು ಪರೀಕ್ಷೆಯ ದಾರಿ ಮುಚ್ಚಲು ಕತೆ ಕಟ್ಟಬೇಕಾಗಿಲ್ಲ, ಗಡಿಯಾರ ಸಾಕು. ಹೋಟೆಲ್ ರೂಮ್ ನೋಡುತ್ತಿರುತ್ತೀರಿ, "ಎರಡೇ ರೂಮ್ ಉಳಿದಿವೆ, 30 ಜನ ಈಗ ಇದನ್ನೇ ನೋಡುತ್ತಿದ್ದಾರೆ" ಅಂತ ಕೆಂಪು ಅಕ್ಷರ ಬರುತ್ತದೆ. ನಿಜವಾಗಿ ಎರಡೇ ಇದ್ದರೆ ಅದು ಉಪಯೋಗದ ಮಾಹಿತಿ, ಹೇಳಲೇಬೇಕು. ಇಲ್ಲದಿದ್ದರೆ ಬೇರೆ ಕಡೆ ರೇಟು ನೋಡದಂತೆ, ಮನೆಯವರನ್ನು ಕೇಳದಂತೆ ತಡೆಯುವ ಉಪಾಯ.

ಇಂಥ ಉಪಾಯಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. ಆ್ಯಪ್ ಅಥವಾ ವೆಬ್‌ಸೈಟನ್ನೇ ನಮ್ಮ ಕೈ ತಪ್ಪು ಜಾಗಕ್ಕೆ ಹೋಗುವ ಹಾಗೆ ಕಟ್ಟುವುದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಮೇಲಿನ ಸುಳ್ಳು ಅವಸರ ಅದರಲ್ಲಿ ಮೊದಲನೆಯದು. ಕೇಳದೆ ಬುಟ್ಟಿಗೆ ಇನ್ನೊಂದು ಸರಕನ್ನೋ ದಾನದ ಹಣವನ್ನೋ ಸೇರಿಸುವುದು ಇನ್ನೊಂದು. ಮತ್ತೊಂದು, ನಾಚಿಸಿ ಒಪ್ಪಿಸುವುದು. ವಿಮಾನದ ಟಿಕೆಟ್ ಜೊತೆ ಇನ್ಶೂರೆನ್ಸ್ ಬೇಡ ಅನ್ನಲು "ನಾನು ಅಸುರಕ್ಷಿತವಾಗಿಯೇ ಇರುತ್ತೇನೆ" ಅನ್ನುವ ಬಟನ್ ಒತ್ತಬೇಕು ಅನ್ನುವಂಥದ್ದು. "ಬೇಡ" ಅಂದರೆ ಸಾಕಿತ್ತು. ಆದರೆ ಆ ಎರಡಕ್ಷರದಲ್ಲಿ ಭಯ ಇಲ್ಲವಲ್ಲ. 2025ರ ಜೂನ್‌ನಲ್ಲಿ ಪ್ರಾಧಿಕಾರ, ಎಲ್ಲ ಆನ್‌ಲೈನ್ ಕಂಪನಿಗಳೂ ಮೂರು ತಿಂಗಳೊಳಗೆ ತಮ್ಮಲ್ಲಿ ಇಂಥವು ಇವೆಯಾ ಅಂತ ತಾವೇ ತಪಾಸಣೆ ಮಾಡಿಕೊಳ್ಳಬೇಕು ಅಂತಲೂ ಹೇಳಿತು.

ಸುಳ್ಳು ಅವಸರವನ್ನು ನಾವೇ ಪರೀಕ್ಷಿಸಬಹುದು. ಆ್ಯಪ್ ಮುಚ್ಚಿ, ಗಡಿಯಾರ ಸೊನ್ನೆಗೆ ಬರುವವರೆಗೆ ಬಿಟ್ಟು ಮತ್ತೆ ತೆರೆಯಿರಿ, ಸಾಧ್ಯವಾದರೆ ಇನ್ನೊಬ್ಬರ ಫೋನಿನಲ್ಲೂ ನೋಡಿ. ಅದೇ ಆಫರ್ ಅದೇ ಹತ್ತು ನಿಮಿಷದಿಂದ ಮತ್ತೆ ಶುರುವಾಗಿದ್ದರೆ ಆ ಗಡಿಯಾರಕ್ಕೆ ಅರ್ಥವಿಲ್ಲ. ಎರಡೂ ಸಲದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಸಮಯ ಕಾಣುವ ಹಾಗೆ. ಬುಟ್ಟಿಗೆ ತಾನಾಗಿ ಬಂದು ಸೇರಿದ ಸರಕಿದ್ದರೆ ದುಡ್ಡು ಕಟ್ಟುವ ಮುಂಚಿನ ಪುಟದ್ದೂ ಇರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ದೂರು ಕೊಡುವಾಗ ಈ ಚಿತ್ರಗಳೇ ಸಾಕ್ಷಿ.